ಗುಂಡಯ್ಯ ಮೇಸ್ತ್ರಿಯ ಬೆರಳು

ಹೊಂಗಡಹಳ್ಳದ ಕಾಫಿ ಎಸ್ಟೇಟಿನಲ್ಲಿ ಗುಂಡಯ್ಯ ಮೇಸ್ತ್ರಿಯ ಕೆಲಸವೆಂದರೆ ಮುಖ್ಯವಾಗಿ ತೋರಿಸುವುದು. ಯಾವ ಸಾಲಿನಲ್ಲಿ ಹಣ್ಣು ಕೊಯ್ಯಬೇಕು, ಯಾವ ಕೊಂಬೆ ಕಡಿಯಬೇಕು, ಯಾರು ಕೆಲಸ ಬಿಟ್ಟು ಹರಟೆ ಹೊಡೆಯುತ್ತಿದ್ದಾರೆ, ಎಲ್ಲವನ್ನೂ ಬಲಗೈಯ ತೋರುಬೆರಳಿನಲ್ಲೇ ತೋರಿಸಿ ತಲೆ ನರೆಸಿಕೊಂಡವನು. ಕಳೆದ ಕೊಯ್ಲಿನಲ್ಲಿ ಆ ಬೆರಳೇ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಬೆಲ್ಟಿಗೆ ಸಿಕ್ಕಿ ಬುಡಸಮೇತ ಹೋಯಿತು.

ಗಾಯ ಮಾಗಿ ತೋಟಕ್ಕೆ ಇಳಿದ ದಿನ ನಡುಬೆರಳು ಚಾಚಿ ಸಾಲು ತೋರಿಸಿದ. ಹೆಂಗಸರೆಲ್ಲ ಪಕ್ಕದ ಸಾಲಿಗೆ ನುಗ್ಗಿದರು.

"ನಾವೇನ್ ಮಾಡಾಣ ಮೇಸ್ತ್ರಿ? ನಿಮ್ ಕೈ ಒಂದ್ ಕಡೆ ಹೇಳ್ತೈತೆ, ಬಾಯಿ ಇನ್ನೊಂದ್ ಕಡೆ ಹೇಳ್ತೈತೆ!" ಎಂದಳು ವಿಶಾಲಮ್ಮ.

ಎಲ್ಲರ ಜೊತೆ ಗುಂಡಯ್ಯನೂ ನಕ್ಕ. ಆದರೆ ಒಳಗೆ ಭಯ ಹೊಕ್ಕಿತು. ತೋರಿಸಲಾಗದ ಮೇಸ್ತ್ರಿ ಯಾರಿಗೆ ಬೇಕು?

ಎಸ್ಟೇಟಿನ ಸಾಹುಕಾರ ಯೋಗಾನಂದ ತಮ್ಮ ಕೆಲಸಗಾರರಿಗೆಲ್ಲ ಅಪಘಾತ ವಿಮೆ ಮಾಡಿಸಿದ್ದರು. ಕೂಸನ್ನು ಎತ್ತಿಕೊಂಡು ತವರಿಗೆ ಬಂದಿದ್ದ ಗುಂಡಯ್ಯನ ಮಗಳು ಚೈತ್ರಶ್ರೀ, ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ವಿಮೆ ಕಂಪನಿಗೆ ಅಪ್ಪನ ಹೆಸರಿನಲ್ಲಿ ಅರ್ಜಿ ಬರೆದಳು: ಯಂತ್ರಕ್ಕೆ ಸಿಕ್ಕಿ ಬಲಗೈ ತೋರುಬೆರಳು ಬುಡದಿಂದ ಹೋಗಿದೆ, ಶಾಶ್ವತ ಭಾಗಶಃ ಅಂಗವೈಕಲ್ಯದ ಪರಿಹಾರ ಕೊಡಬೇಕು.

"ವೈಕಲ್ಯ ಅಂತ ಬರೀಬ್ಯಾಡ ಕಣವ್ವ," ಎಂದ ಗುಂಡಯ್ಯ. "ಸಾವ್ಕಾರ್ರು ಓದುದ್ರೆ ಕೆಲಸದಿಂದ ತೆಗೆದ್ಬುಡ್ತಾರೆ."

"ಮತ್ತೇನು ಬರೀಲಿ ಅಪ್ಪ? ಬೆರಳು ನೆಂಟರ ಮನೆಗೆ ಹೋಗೈತೆ ಅಂತ್ಲಾ?"

ಅರ್ಜಿಯ ಜೊತೆಗೆ ಇನ್ನೆರಡು ಕಾಗದ ಬೇಕಿತ್ತು. ಒಂದು ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ, ಇನ್ನೊಂದು ಸಾಹುಕಾರರ ದೃಢೀಕರಣ. ಚಿಕಿತ್ಸೆ ಪೂರ್ತಿ ಮುಗಿದ ಮೇಲೆ ಹಾಸನದ ಜಿಲ್ಲಾ ಆಸ್ಪತ್ರೆಯಲ್ಲಿ ಮಂಡಳಿಯ ಮುಂದೆ ನಿಂತ ಗುಂಡಯ್ಯ ಯಾರೂ ಕೇಳದೆಯೇ ಶುರುಮಾಡಿದ: "ಏನೂ ತೊಂದ್ರೆ ಇಲ್ಲ ಸಾರ್! ಮೂಟೆ ಎತ್ತುತೀನಿ, ಕತ್ತಿ ಹಿಡೀತೀನಿ, ಬೇಕಾದ್ರೆ ನಿಮ್ಮ ಮೇಜೇ ಎತ್ತಿ ತೋರುಸ್ತೀನಿ."

ಮೂಳೆ ಡಾಕ್ಟರು ಅವನ ಕೈಯನ್ನು ಆಚೀಚೆ ತಿರುಗಿಸಿ ನೋಡಿದರು. "ಮೇಜು ಅಲ್ಲೇ ಇರ್ಲಿ ಯಜಮಾನ್ರೇ. ಬೆರಳು ಇದೆಯೋ ಇಲ್ವೋ ಅನ್ನೋದಕ್ಕೆ ನಿಮ್ಮ ಅಭಿಪ್ರಾಯ ಬೇಕಾಗಿಲ್ಲ."

ಮೂರು ಗೆಣ್ಣೂ ಹೋಗಿವೆ, ನಷ್ಟ ಶಾಶ್ವತ ಎಂದು ಮಂಡಳಿ ಬರೆದುಕೊಟ್ಟಿತು.

ಉಳಿದದ್ದು ಸಾಹುಕಾರರ ಕಾಗದ. ಗುಂಡಯ್ಯ ಎಸ್ಟೇಟಿನ ಲೆಕ್ಕಪತ್ರ ಬರೆಯುವ ರೈಟರ್ ಮೋಹನನನ್ನು ಸ್ಟೋರಿನ ಹಿಂದಕ್ಕೆ ಕರೆದ. "ರೈಟ್ರೇ, ಸಣ್ಣ ಗಾಯ ಆಗಿತ್ತು, ಪೂರ್ತಿ ವಾಸಿ ಆಗೈತೆ, ಮೊದ್ಲಿಗಿಂತ ಚೆನ್ನಾಗಿ ಕೆಲಸ ಮಾಡ್ತಾನೆ ಅಂತ ಬರ್ಕೊಡಿ, ನಿಮ್ಮ ದಮ್ಮಯ್ಯ." ಮೋಹನ ಮರುಗಿ ಹಾಗೆಯೇ ಬರೆದ. ಕಾಫಿ ಲಾರಿ ಕಳಿಸುವ ಗಡಿಬಿಡಿಯಲ್ಲಿ ಸಾಹುಕಾರರು ಓದದೆ ಸಹಿ ಹಾಕಿದರು.

ಮೂರೂ ಕಾಗದ ಕಂಪನಿ ಸೇರಿದ ಮೇಲೆ ಅಲ್ಲಿನ ಅಧಿಕಾರಿ ಶಾಲಿನಿ ಸಾಹುಕಾರರಿಗೆ ಫೋನು ಮಾಡಿದರು. ಯೋಗಾನಂದ ಗುಂಡಯ್ಯನನ್ನೂ ಮೋಹನನನ್ನೂ ಆಫೀಸಿಗೆ ಕರೆಸಿ ಸ್ಪೀಕರ್ ಹಾಕಿದರು.

"ಸಾರ್, ಅರ್ಜಿಲಿ ಬೆರಳು ಹೋಗಿದೆ ಅಂತಿದೆ, ಮೆಡಿಕಲ್ ಬೋರ್ಡಿನವರೂ ಹಾಗೇ ಬರೆದಿದ್ದಾರೆ. ನೀವು ಸಣ್ಣ ಗಾಯ, ಪೂರ್ತಿ ವಾಸಿ ಅಂದಿದ್ದೀರ. ಮತ್ತೆ ಬೆಳೀತಾ?"

ಯೋಗಾನಂದರು ಕಾಗದದ ನಕಲನ್ನು ಮೊದಲ ಸಲ ಓದಿದರು. ಮೋಹನ ಸೂರು ನೋಡಿದ. ಗುಂಡಯ್ಯ ಕೈಯನ್ನು ಬೆನ್ನ ಹಿಂದೆ ಅಡಗಿಸಿದ.

"ಇದೇನೋ ಮಾರಾಯ ಇದು?" ಎಂದು ಸಾಹುಕಾರರು ಗುಂಡಯ್ಯನನ್ನು ಕೇಳಿದರು.

"ವೈಕಲ್ಯ ಅಂದ್ರೆ ಮೇಸ್ತ್ರಿ ಕೆಲಸ ಹೋಗುತ್ತಲ್ಲ ಸಾವ್ಕಾರ್ರೇ..." ಎಂದ ಗುಂಡಯ್ಯ.

ಯೋಗಾನಂದರು ಅವನನ್ನೇ ದಿಟ್ಟಿಸಿದರು. "ಇಷ್ಟು ವರ್ಷ ನಾನು ಸಂಬಳ ಕೊಟ್ಟಿದ್ದು ನಿನ್ನ ಬೆರಳಿಗೇನೋ? ನಿನ್ನ ಬಾಯಿಗೆ ಕಣೋ! ಅದು ಬೆಲ್ಟಿಗೆ ಸಿಕ್ಕಿದ್ರೆ ಬೆಲ್ಟೇ ಹರೀತಿತ್ತು."

ಫೋನಿನೊಳಗೂ ನಗು ಕೇಳಿಸಿತು. "ಕೆಲಸದಲ್ಲಿ ಮುಂದುವರಿದ್ರೂ ಪರಿಹಾರಕ್ಕೆ ಅಡ್ಡಿ ಇಲ್ಲ ಸಾರ್," ಎಂದರು ಶಾಲಿನಿ. "ಯಾವ ಬೆರಳು ಎಷ್ಟು ಹೋದ್ರೆ ಎಷ್ಟು ಅಂತ ಪಾಲಿಸಿಲೇ ಪಟ್ಟಿ ಇದೆ, ಅದರ ಪ್ರಕಾರ ಕೊಡ್ತೀವಿ. ಅಪಘಾತ ಯಾವತ್ತು, ಎಲ್ಲಿ, ಹೇಗೆ ಆಯ್ತು, ಆಗ ಇವರು ನಿಮ್ಮ ಕೆಲಸದಲ್ಲಿದ್ರಾ, ಎಷ್ಟು ದಿನ ರಜೆ, ಅಷ್ಟನ್ನು ನಿಜವಾಗಿ ಬರೆದು, ಹಿಂದಿನ ಕಾಗದ ತಪ್ಪಾಗಿತ್ತು ಅಂತ ಸೇರಿಸಿ."

ಮೋಹನ ಹಾಳೆ ತೆಗೆದು ಅಷ್ಟನ್ನೂ ಬರೆದ. "ಈಗ ಏನೇನು ಆಗಲ್ಲ, ಹೇಳು ಗುಂಡಯ್ಯ."

ಗುಂಡಯ್ಯ ಮೊದಲು ಅಂಗಿಯ ಗುಂಡಿ ಎಂದ. ಆಮೇಲೆ ಕೊಂಬೆ ಸವರೋ ಕಸಿ ಕತ್ತರಿ. ಆಮೇಲೆ ಎಲೆಗೆ ಸುಣ್ಣ ಹಚ್ಚೋದು, ಮೂಟೆಯ ಬಾಯಿ ಹೊಲಿಯೋದು, ಮೊಮ್ಮಗಳ ಮೂಗು ಒರೆಸೋದು. ತಿಂಗಳುಗಟ್ಟಲೆ ಬಚ್ಚಿಟ್ಟದ್ದೆಲ್ಲ ಒಂದೇ ಉಸಿರಿಗೆ ಹೊರಬಂತು.

"ಸಾಕು ಮಾರಾಯ, ಕಂಪನಿಯವರು ಅಳ್ತಾರೆ!" ಎಂದ ಮೋಹನ, ಎರಡೇ ಸಾಲು ಬರೆದು.

ಕೊನೆಗೆ ಯೋಗಾನಂದರೇ ಒಂದು ವಾಕ್ಯ ಹೇಳಿ ಬರೆಸಿದರು: ಗುಂಡಯ್ಯನವರು ಇಂದಿಗೂ ಅದೇ ಮೇಸ್ತ್ರಿ ಹುದ್ದೆಯಲ್ಲಿ ಮುಂದುವರಿದಿದ್ದಾರೆ. ಈ ಸಲ ಇಡೀ ಕಾಗದ ಓದಿ ಸಹಿ ಹಾಕಿದರು.

ಸ್ವಲ್ಪ ದಿನದಲ್ಲೇ ಹಣ ಖಾತೆಗೆ ಬಿತ್ತು. ಮಗಳು ಮೊಬೈಲ್ ಹಿಡಿದು ಓಡಿಬಂದಾಗ ಗುಂಡಯ್ಯ ಜಗಲಿಯಲ್ಲಿ ಕೂತು ವಿಶಾಲಮ್ಮನ ಕೈಲಿ ಸಾಹುಕಾರರ ಆ ಕಾಗದದ ಜೆರಾಕ್ಸ್ ಓದಿಸುತ್ತಿದ್ದ.

"ಅಪ್ಪ, ದುಡ್ಡು ಬಂತು!"

"ಇರವ್ವ, ಆಮೇಲೆ ನೋಡಾಣ," ಎಂದ ಗುಂಡಯ್ಯ. "ವಿಶಾಲಮ್ಮ, ಆ ಕೊನೇ ಸಾಲು ಇನ್ನೊಂದ್ ಸಲ ಓದು. ಗಟ್ಟಿಯಾಗಿ."