ಗದ್ದದ ಮೇಲಿನ ಮೂರು ಚುಕ್ಕಿ

ಪುಣೆಯ ಕೋಥರೂಡದ ಸ್ಟುಡಿಯೋದವನು ನನ್ನನ್ನು ಕೇಳಲೇ ಇಲ್ಲ. ಫೋಟೊ ತೆಗೆದು ಸ್ವಲ್ಪ ಹೊತ್ತಿಗೆ ಕಂಪ್ಯೂಟರಿನ ಮುಂದೆ ಕರೆದ. ಪರದೆಯ ಮೇಲೆ ಬಿಳಿ ಅಂಗಿ ತೊಟ್ಟು ಕಾಲರಿನ ಗುಂಡಿ ಹಾಕಿಕೊಂಡ ಒಬ್ಬ ಹುಡುಗಿ ಕೂತಿದ್ದಳು. ಕಣ್ಣು ನನ್ನವೇ, ಮೂಗು ನನ್ನದೇ. ಗದ್ದದ ಮೇಲಿನ ಮೂರು ಹಸಿರು ಚುಕ್ಕಿ ಮಾತ್ರ ಇರಲಿಲ್ಲ. ಮೊಡವೆ, ಕಲೆ, ಹಚ್ಚೆ ಎಲ್ಲವನ್ನೂ ಅವನು ಒಂದೇ ಸಲಕ್ಕೆ ಒರೆಸಿ ತೆಗೆಯುತ್ತಾನಂತೆ. ನೌಕರಿಯ ಫೋಟೊ ಅಂದರೆ ಎಲ್ಲರಿಗೂ ಹೀಗೇ ಮಾಡುತ್ತೇನೆ ಎಂದು ಮರಾಠಿಯಲ್ಲಿ ಹೇಳಿದ.

ಅವ್ವ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಅವಳ ಹಣೆಯ ಮೇಲೂ ಗದ್ದದ ಮೇಲೂ ಹಚ್ಚೆಯಿದೆ. ಬೇಜಾರಾದಾಳು ಅಂದುಕೊಂಡಿದ್ದೆ. ಅವಳ ಮುಖ ಅರಳಿತು.

"ಭಾಳ ಛಲೋ ಆತು," ಎಂದಳು. "ಈಗ ನೋಡು, ಆಫೀಸಿನಾಕಿ ಕಂಡಂಗ ಕಾಣ್ತಿ."

ಆ ಚುಕ್ಕಿ ಹಾಕಿಸಿದ್ದು ಅವ್ವನೇ. ನಾನಿನ್ನೂ ಶಾಲೆಗೆ ಹೋಗದಿದ್ದ ವಯಸ್ಸು. ವಿಜಯಪುರದ ಕಡೆಯಿಂದ ನಮ್ಮವರೆಲ್ಲ ಜೇಜುರಿಗೆ ದೇವರಿಗೆ ಬಂದಾಗ, ಗುಡಿಯ ಮೆಟ್ಟಿಲ ಕೆಳಗೆ ಹಚ್ಚೆ ಹಾಕುವ ಬ್ಯಾಟರಿ ಸೂಜಿ ಹಿಡಿದು ಕೂತಿದ್ದ ಹೆಂಗಸಿನ ಮುಂದೆ ನನ್ನನ್ನು ಕೂರಿಸಿದ್ದಳು. ನಾನು ಅತ್ತಿದ್ದು, ಸೋದರತ್ತೆ ಕೈಕಾಲು ಒತ್ತಿ ಹಿಡಿದಿದ್ದು, ಆಮೇಲೆ ಗದ್ದಕ್ಕೆ ಅರಿಷಿಣ ಮೆತ್ತಿದ್ದು ನೆನಪಿದೆ. ಮುಂದೆ ಅವ್ವ ಪುಣೆಗೆ ಬಂದು ಕೋಥರೂಡದ ಅಪಾರ್ಟ್‌ಮೆಂಟ್ ಸೊಸೈಟಿಗಳಲ್ಲಿ ಅಡುಗೆ ಮಾಡತೊಡಗಿದಳು. ಹಚ್ಚೆ ಕಂಡ ಕೂಡಲೇ ಜನ ಏನೆಂದು ತಿಳಿಯುತ್ತಾರೆ, ಯಾವ ಬಾಗಿಲಿಂದ ಬರಲು ಹೇಳುತ್ತಾರೆ ಎಂಬುದನ್ನು ಅಲ್ಲಿ ಕಲಿತಳು. ನಾನು ಬಿ.ಕಾಂ. ಮುಗಿಸಿದ್ದು ಆ ಅಡುಗೆಮನೆಗಳ ದುಡಿಮೆಯಿಂದ. ನಮ್ಮ ಮನೆಯಲ್ಲಿ ಡಿಗ್ರಿ ಅಂತ ಬಂದದ್ದು ಅದೇ ಮೊದಲು. ಆದ್ದರಿಂದ ಅವಳ ಖುಷಿ ಸುಳ್ಳಲ್ಲ, ಸಣ್ಣದೂ ಅಲ್ಲ.

ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮಾಡುವ ಒಂದು ದೊಡ್ಡ ಕೇಂದ್ರದಲ್ಲಿ ನೋಂದಣಿ ಕೌಂಟರಿನ ಕೆಲಸವಿತ್ತು. ಅರ್ಜಿಯ ಜೊತೆ ಫಾರ್ಮಲ್ ಫೋಟೊ ಕೇಳಿದ್ದರು. ಅದೇ ಫೋಟೊ ಮುಂದೆ ಗುರುತಿನ ಚೀಟಿಗೂ ಬೇಕಾಗಬಹುದು ಎಂದಿದ್ದರು. ಕೌಂಟರಿನಲ್ಲಿ ಕೂರುವವರ ಮುಖ ನೋಡಿಯೇ ಆರಿಸುತ್ತಾರೆ ಎಂದು ನನ್ನ ಕ್ಲಾಸಿನವರು ಹೆದರಿಸಿದ್ದರು. ಅದರಲ್ಲಿ ನಿಜವೂ ಇತ್ತು. ಎರಡು ಕಡೆ ನನ್ನನ್ನು ನೋಡಿದ ಮೇಲೆ, ಹಿಂದಿನ ಕೋಣೆಯ ಕೆಲಸ ಖಾಲಿಯಾದರೆ ತಿಳಿಸುತ್ತೇವೆ ಎಂದು ಕಳಿಸಿದ್ದರು. ಈ ಕೆಲಸ ನನಗೆ ಬೇಕೇ ಬೇಕಿತ್ತು.

ಒರೆಸಿದ್ದೂ ಇರಲಿ, ಒರೆಸದ್ದೂ ಕೊಡಿ ಎಂದೆ. ಸ್ಟುಡಿಯೋದವನು ಎರಡನ್ನೂ ಮೊಬೈಲಿಗೆ ಕಳಿಸಿದ. ಒರೆಸದ್ದರಲ್ಲಿ ಫ್ಲ್ಯಾಷಿನ ಬೆಳಕಿಗೆ ಚುಕ್ಕಿಗಳು ಮಸಿ ಸಿಡಿದಂತೆ ಕಪ್ಪಾಗಿ ಎದ್ದು ಕಾಣುತ್ತಿದ್ದವು. ಅದೂ ನಾನಲ್ಲ.

ಅವ್ವ ಅಡುಗೆ ಮಾಡುವ ಮನೆಯೊಂದರಲ್ಲಿ ಮಂಡ್ಯ ಕಡೆಯ ಅಕ್ಕ ಒಬ್ಬರಿದ್ದಾರೆ, ಐಟಿಯವರು. ನನ್ನ ರೆಸ್ಯೂಮೆ ತಿದ್ದಿಕೊಟ್ಟವರೂ ಅವರೇ. ಅವರ ಕತ್ತಿನ ಬುಡದಲ್ಲಿ ಒಂದು ಹಕ್ಕಿಯ ಟ್ಯಾಟೂ ಇದೆ, ಸ್ವಂತ ಆಸೆಯಿಂದ ಹಾಕಿಸಿಕೊಂಡದ್ದು. ಕಂಪನಿಯ ಫೋಟೊಗೆ ಕಾಲರ್ ಅಂಗಿ ಹಾಕಿದರೆ ಹಕ್ಕಿ ಒಳಗೆ ಹೋಗುತ್ತದೆ, ಅಷ್ಟೇ. ಅದರಲ್ಲಿ ನನಗೆ ಮೋಸ ಕಾಣಲಿಲ್ಲ. ಬಟ್ಟೆಯೊಳಗೆ ಏನಿದೆ ಎಂದು ಯಾವ ಆಫೀಸೂ ಕೇಳಿಲ್ಲ. ಗದ್ದಕ್ಕೆ ಕಾಲರ್ ಏರುವುದಿಲ್ಲವಲ್ಲ.

ಆ ಸಂಜೆ ಅಕ್ಕ ತಮ್ಮ ಮೇಕಪ್ ಡಬ್ಬಿ ತೆಗೆದರು. ಹಸಿರಿನ ಮೇಲೆ ನೇರವಾಗಿ ಮೈಬಣ್ಣದ್ದು ಹಚ್ಚಿದರೆ ಬೂದಿ ಬಣ್ಣಕ್ಕೆ ತಿರುಗುತ್ತದಂತೆ. ಮೊದಲು ಕಿತ್ತಳೆ ಛಾಯೆಯದನ್ನು ತಿಕ್ಕದೆ, ಬೆರಳ ತುದಿಯಲ್ಲಿ ತಟ್ಟಿ ತಟ್ಟಿ ಕೂರಿಸಿದರು. ಅದರ ಮೇಲೆ ನನ್ನ ಬಣ್ಣದ ಕನ್ಸೀಲರ್, ಕೊನೆಗೆ ಪೌಡರ್. ಕನ್ನಡಿಯಲ್ಲಿ ಚುಕ್ಕಿ ಮಾಯ. ಮೌಸಿನಿಂದ ಒರೆಸಿದ್ದಕ್ಕಿಂತ ಇದು ವಾಸಿ ಅನಿಸಿತು, ಯಾಕೆಂದರೆ ಇದು ನಿಜವಾದ ಮುಖದ ಮೇಲೇ ಇತ್ತು. ಮದುವೆ ಮನೆಗೆ ಹೀಗೆ ಹೋದರೆ ಯಾರಿಗೂ ನಾನು ಲೆಕ್ಕ ಕೊಡಬೇಕಿಲ್ಲ.

"ಚೆನ್ನಾಗಿದೆ," ಎಂದರು ಅಕ್ಕ. "ಆದ್ರೆ ಒಂದು ಹೇಳ್ತೀನಿ, ಹೀಗೆ ಫೋಟೊ ತೆಗೆಸಿ ಕಳಿಸಿದ್ರೆ ಡೈಲಿ ಇದೇ ಮುಖ ತಗೊಂಡು ಹೋಗ್ಬೇಕು. ಆಗತ್ತಾ ನಿನ್ನ ಕೈಲಿ?"

ಕೌಂಟರು ತೆರೆಯುವುದು ಬೆಳಗ್ಗೆ ಏಳಕ್ಕೆ. ಬಸ್ಸು, ಬೆವರು, ಆಮೇಲೆ ಇಡೀ ದಿನ ಜನ. ನಾನು ಮಾಡಬೇಕಾದ ಕೆಲಸವೇ ಬಂದವರ ಗುರುತಿನ ಚೀಟಿಯ ಫೋಟೊಗೂ ಎದುರಿಗೆ ನಿಂತವರ ಮುಖಕ್ಕೂ ತಾಳೆ ನೋಡುವುದು. ಒಬ್ಬರ ರಕ್ತ ಇನ್ನೊಬ್ಬರ ಹೆಸರಿಗೆ ಹೋಗಬಾರದು. ಅಂಥ ಕುರ್ಚಿಯಲ್ಲಿ ಕೂತು, ನನ್ನ ಕೊರಳ ಚೀಟಿಯ ಮುಖ ಬೇರೆ, ನನ್ನ ಮುಖ ಬೇರೆ ಅಂದರೆ ಹೇಗೆ?

ಚುಕ್ಕಿ ಇರುವ ಫೋಟೊವನ್ನೇ ಕಳಿಸುತ್ತೇನೆ ಎಂದು ರಾತ್ರಿ ಊಟಕ್ಕೆ ಕೂತಾಗ ಅವ್ವನಿಗೆ ಹೇಳಿದೆ. ಅವಳಿಗೆ ಸಿಟ್ಟು ಬಂತು.

"ಹಾಕಿಸಿದಾಕಿ ನಾನs, ತಗಸು ಅನ್ನಾಕಿನೂ ನಾನs. ಮೊದಲ ಒಳಗ ಹೋಗು, ಆಮ್ಯಾಲೆ ಗದ್ದ ತೋರಸು."

"ಒಳಗ ಹೋದಮ್ಯಾಲೆ ದಿನಾ ಅಂಜಿಕೋತ ಕೂಡೂದು ಯಾರಬೇ?"

"ಇಷ್ಟ ಓದಿಸಿದ್ದು ಇದಕ್ಕs ಏನು?"

"ಹೂಂ, ಇದಕ್ಕs," ಎಂದೆ.

ಅವ್ವ ಮುಖ ತಿರುವಿಕೊಂಡೇ ಬಡಿಸಿದಳು. ರೊಟ್ಟಿ ಮಾತ್ರ ನನ್ನ ತಾಟಿಗೆ ಒಂದು ಜಾಸ್ತಿ ಬಿತ್ತು.

ಮರುದಿನ ಮತ್ತೆ ಸ್ಟುಡಿಯೋಕ್ಕೆ ಹೋದೆ. ಮೊಡವೆ ತೆಗೆಯಿರಿ, ಅದು ಮುಂದಿನ ವಾರ ಹೇಗೂ ಹೋಗುತ್ತದೆ. ಚುಕ್ಕಿ ಬಿಡಿ, ಫ್ಲ್ಯಾಷು ನೇರವಾಗಿ ಹೊಡೆಯಬೇಡಿ ಎಂದೆ. ಅವನು ಗೊಣಗುತ್ತಲೇ ದೀಪದ ಮುಂದೆ ಬಿಳಿ ಬಟ್ಟೆಯ ಪರದೆ ತಂದಿಟ್ಟ. ಈ ಸಲ ಚುಕ್ಕಿಗಳು ಕನ್ನಡಿಯಲ್ಲಿ ಕಾಣುವಷ್ಟೇ ಕಂಡವು, ಮಾಸಿದ ಹಸಿರು. ಬೆಳಕು ಮೆತ್ತಗಾಗಿತ್ತು, ಮುಖ ಬದಲಾಗಿರಲಿಲ್ಲ. ಅಷ್ಟು ಸಾಕು ಅನಿಸಿತು. ಅಲ್ಲಿಂದಲೇ ಕಳಿಸಿಬಿಟ್ಟೆ.

ಸಂದರ್ಶನಕ್ಕೆ ಕರೆ ಬಂತು. ಮೇಜಿನ ಆಚೆ ಇದ್ದ ಹಿರಿಯ ಮೇಡಂ ನನ್ನ ಫೋಟೊ ನೋಡಿದರು, ನನ್ನನ್ನು ನೋಡಿದರು. ಗ್ರಾಹಕರು ಇದೇನೆಂದು ಕೇಳಿದರೆ ಏನು ಹೇಳುತ್ತೀ ಎಂದು ಮರಾಠಿಯಲ್ಲಿ ಕೇಳಿದರು. ಜೇಜುರಿಯಲ್ಲಿ ಹಾಕಿಸಿದ ಹಚ್ಚೆ ಎಂದು ಹೇಳಿ, ನಿಮ್ಮ ಡಾಕ್ಟರ ಚೀಟಿ ಕೊಡಿ ಅನ್ನುತ್ತೇನೆ ಎಂದೆ. ಅವರು ನಗಲಿಲ್ಲ. ಕೆಲವು ದಿನ ಮೇಕಪ್ಪಿನಿಂದ ಮುಚ್ಚಿಕೊಳ್ಳಲು ಹೇಳಿದರೆ ಒಪ್ಪುತ್ತೀಯಾ ಎಂದರು. ನನಗೆ ಮನಸ್ಸಾದ ದಿನ ಮುಚ್ಚಿಕೊಂಡೇನು, ಕೆಲಸದ ಷರತ್ತಾಗಿ ಬೇಡ ಎಂದೆ. ಹೊರಗೆ ಬಂದಾಗ, ಹೋಯಿತು ಕೆಲಸ ಅಂದುಕೊಂಡೆ.

ಆದರೆ ಕೆಲಸಕ್ಕೆ ಕರೆದರು. ಯಾಕೆ ಆರಿಸಿದರೋ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಸೇರಿದ ಮೊದಲ ದಿನ ಗುರುತಿನ ಚೀಟಿಗೆ ಹೊಸ ಫೋಟೊ ಬೇಕೆಂದು ಆಫೀಸಿನವರೊಬ್ಬರು ಗೋಡೆಗೆ ನಿಲ್ಲಿಸಿ ತಮ್ಮ ಮೊಬೈಲಿನಲ್ಲೇ ಕ್ಲಿಕ್ಕಿಸಿದರು. ಬಗ್ಗಿ ನೋಡಿದೆ. ಮುಖ ಮೈದಾ ಹಿಟ್ಟಿನ ಹಾಗೆ ನುಣ್ಣಗೆ. ಚುಕ್ಕಿಗಳಿದ್ದಲ್ಲಿ ಏನೂ ಇಲ್ಲ. ಮೊಬೈಲಿನಲ್ಲಿ ಚಂದ ಮಾಡುವ ಫಿಲ್ಟರು ತಾನಾಗಿಯೇ ಓಡುತ್ತಿತ್ತು. ಅವರಿಗದು ಗೊತ್ತೂ ಇರಲಿಲ್ಲ. ಹಿಂದೆ ನನ್ನ ಜೊತೆ ಸೇರಿದವರ ಸಾಲು ನಿಂತಿತ್ತು. ಮೊದಲ ದಿನವೇ ತಕರಾರು ಮಾಡುವವಳು ಅನ್ನಿಸಿಕೊಳ್ಳಬೇಕೇ ಎಂದು ಒಂದು ಗಳಿಗೆ ಹಿಂಜರಿದೆ. ಯಾರೂ ಸುಳ್ಳು ಹೇಳಿರಲಿಲ್ಲ. ಆದರೆ ನೋಡಿಯೂ ಸುಮ್ಮನಾದರೆ ಇನ್ನು ಮೇಲೆ ಆ ಸುಳ್ಳು ನನ್ನದೇ.

"ಫಿಲ್ಟರ್ ಬಂದ್ ಮಾಡಿ ಇನ್ನೊಂದು ತೆಗೆಯಿರಿ, ಸರ್," ಎಂದೆ.

ಚೆನ್ನಾಗಿಯೇ ಬಂದಿದೆಯಲ್ಲ ಎಂದರು. ಸಾಲಿನಲ್ಲಿ ಯಾರೋ ಹೀರೋಯಿನ್ ಅಂತ ಕಿಸಕ್ಕನೆ ನಕ್ಕರು. ನಾನು ಗೋಡೆ ಬಿಟ್ಟು ಸರಿಯಲಿಲ್ಲ. ಅವರು ಸೆಟ್ಟಿಂಗ್ ಹುಡುಕಿ ಇನ್ನೊಂದು ಫೋಟೊ ತೆಗೆಯುವವರೆಗೂ ಅಲ್ಲೇ ನಿಂತಿದ್ದೆ.

ಸಂಜೆ ಚೀಟಿಯನ್ನು ಅವ್ವನ ಕೈಗೆ ಕೊಟ್ಟೆ. ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಹಿಡಿದಳು. ಬೆಳಕಿಗೆ ತಿರುಗಿಸಿ ನೋಡಿದಳು. ಹೆಬ್ಬೆರಳು ಗದ್ದದ ಹತ್ತಿರ ಹೋಗಿ ನಿಂತಿತು.

"ಸೆಟಗೊಂಡಂಗ ಕಾಣ್ತೀಯಲ್ಲಬೇ," ಎಂದಳು.

"ಹೌದು. ಸಿಟ್ಟ ಬಂದಿತ್ತು, ಸೆಟಗೊಂಡಿದ್ದೆ."

"ಇರಲಿ ಬಿಡು," ಎಂದು ಚೀಟಿಯ ದಾರವನ್ನು ತಾನೇ ನನ್ನ ಕೊರಳಿಗೆ ಹಾಕಿ, ಮುಖ ಹೊರಗೆ ಬರುವಂತೆ ತಿರುಗಿಸಿದಳು.