ನಡುವಿನ ಐನೂರು ಓಮ್

ಎಂಟು ವರ್ಷ ಪಾಠ ಮಾಡದೆ ಮನೆಯಲ್ಲಿದ್ದವಳು ಕೆಂಗೇರಿ ಕಡೆಯ ಒಂದು ಪಾಲಿಟೆಕ್ನಿಕ್‌ಗೆ ಡೆಮೊ ಕ್ಲಾಸ್ ಕೊಡಲು ಹೊರಟಿದ್ದೆ. ಅತಿಥಿ ಉಪನ್ಯಾಸಕರ ಹುದ್ದೆ, ಎಲೆಕ್ಟ್ರಿಕಲ್ ವಿಭಾಗ. ನಂದಿನಿ ಲೇಔಟಿನ ಮನೆಯಲ್ಲಿ ಆ ಬೆಳಿಗ್ಗೆ ಒಂದು ಕಡೆ ಕೂರಲಾಗಲಿಲ್ಲ. ಒರೆಸಿದ ಅಡುಗೆ ಕಟ್ಟೆಯನ್ನೇ ಮತ್ತೆ ಒರೆಸಿದೆ, ಉಟ್ಟ ಸೀರೆ ಬಿಚ್ಚಿ ಚೂಡಿದಾರ್ ಹಾಕಿಕೊಂಡೆ, ಆಮೇಲೆ ಮತ್ತೆ ಸೀರೆಯನ್ನೇ ಉಟ್ಟೆ. ಗಂಡ ಪೇಪರಿನಿಂದ ತಲೆಯೆತ್ತಿ, "ಮದುವೆ ದಿನವೂ ನೀನು ಇಷ್ಟು ಓಡಾಡ್ಲಿಲ್ಲ ಕಣೇ" ಅಂದರು. ನಗು ಬರಲಿಲ್ಲ.

ಮೆಟ್ರೊದಲ್ಲಿ ಸೀಟು ಸಿಕ್ಕರೂ ನಿಂತೇ ಇದ್ದೆ. ಕಿಟಕಿಯಾಚೆ ದೀಪಾಂಜಲಿ ನಗರದ ತಾರಸಿಗಳು ಹಿಂದೆ ಸರಿಯುತ್ತಿದ್ದವು. ನಾನು ಮಾತ್ರ ಬಾಯಲ್ಲೇ ಪಾಠ ಗುನುಗುತ್ತಿದ್ದೆ. ಬ್ರಿಡ್ಜ್ ಸರ್ಕ್ಯೂಟ್ ಮಾಡುವುದೆಂದು ತೀರ್ಮಾನಿಸಿದ್ದೆ. ಗಾಳಿಪಟದ ಆಕಾರದಲ್ಲಿ ನಾಲ್ಕು ರೆಸಿಸ್ಟರ್, ಎಡಬಲ ಮೂಲೆಗಳ ನಡುವೆ ಐದನೆಯದು, ಮೇಲಿಂದ ಕೆಳಕ್ಕೆ ಸಪ್ಲೈ. ಎರಡೂ ಪಕ್ಕದ ಅನುಪಾತ ಸಮವಾಗಿರುವ ಲೆಕ್ಕವನ್ನೇ ಆರಿಸಿಕೊಂಡಿದ್ದೆ. ಆಗ ನಡುವಿನದರಲ್ಲಿ ಕರೆಂಟ್ ಹರಿಯುವುದಿಲ್ಲ, ಅದನ್ನು ಕಿತ್ತೆಸೆದರೂ ಉತ್ತರ ಬದಲಾಗುವುದಿಲ್ಲ. ಹತ್ತು ನಿಮಿಷದಲ್ಲಿ ಚೆನ್ನಾಗಿ ಮುಗಿಯುವ ಪಾಠ.

ಡೆಮೊ ಇಟ್ಟಿದ್ದು ಲ್ಯಾಬಿನಲ್ಲಿ. ಗೋಡೆಯ ತುಂಬ ಬೋರ್ಡು, ಪಕ್ಕದ ಮೇಜುಗಳ ಮೇಲೆ ಮೀಟರು, ಸಪ್ಲೈ. ಹಿಂದಿನ ಸಾಲಿನಲ್ಲಿ ಪ್ರಿನ್ಸಿಪಾಲರು ಮತ್ತು ವಿಭಾಗದ ಮುಖ್ಯಸ್ಥರು, ಮುಂದೆ ಎರಡನೇ ವರ್ಷದ ಮಕ್ಕಳು. ಚಿತ್ರ ಬರೆದು ಬೆಲೆಗಳನ್ನು ತುಂಬುತ್ತಿದ್ದಂತೆ ಮುಖ್ಯಸ್ಥರು ಎದ್ದು ಬಂದರು.

"ಮೇಡಂ, ಇದು ಪುಸ್ತಕದ ಲೆಕ್ಕ. ಸ್ವಲ್ಪ ಬದಲಾಯಿಸ್ತೀನಿ, ಬೇಜಾರಿಲ್ಲ ತಾನೆ?"

"ಇಲ್ಲ ಸಾರ್" ಅಂದೆ. ಬೇರೇನು ಹೇಳಲಿ?

ಅವರು ಡಸ್ಟರಿನಿಂದ ಒರೆಸಿ ಹೊಸ ಬೆಲೆ ಬರೆದರು. ಮೇಲಿನ ಎಡಕ್ಕೆ ಇನ್ನೂರು ಓಮ್, ಮೇಲಿನ ಬಲಕ್ಕೆ ಮುನ್ನೂರು, ನಡುವೆ ಐನೂರು, ಕೆಳಗಿನ ಎಡಕ್ಕೆ ಐನೂರು, ಕೆಳಗಿನ ಬಲಕ್ಕೆ ನೂರೈವತ್ತು. "ಒಟ್ಟು ರೆಸಿಸ್ಟೆನ್ಸ್ ಎಷ್ಟು, ಮಕ್ಕಳಿಗೆ ಅರ್ಥ ಆಗೋ ಹಾಗೆ ಹೇಳಿ" ಎಂದು ವಾಪಸ್ ಹೋಗಿ ಕೂತರು.

ಬೋರ್ಡಿಗೆ ಮುಖ ಮಾಡಿ ನಿಂತೆ. ಯಾವ ಎರಡೂ ಸೀರೀಸ್‌ನಲ್ಲಿಲ್ಲ, ಯಾವ ಎರಡೂ ಪ್ಯಾರಲಲ್‌ನಲ್ಲಿಲ್ಲ. ಎಲ್ಲಿಂದ ಹಿಡಿದರೂ ನಡುವಿನ ಐನೂರು ಅಡ್ಡ ಬರುತ್ತಿತ್ತು.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೈಯೆತ್ತಿದಳು. ಬೀದರ್ ಕಡೆಯವಳೆಂದು ಮಾತಿನಲ್ಲೇ ತಿಳಿಯಿತು. "ನಡುಕಿಂದು ತಗದು ಬಿಟ್ರ ಆಗಂಗಿಲ್ಲೇನ್ರಿ ಮೇಡಂ? ಪಿಯುಸಿಯೊಳಗ ಹಂಗ ಮಾಡ್ತಿದ್ವಿ."

ಉಸಿರು ಬಂತು. ಪ್ರಶ್ನೆಗೆ ಉತ್ತರ ಹೇಳುವುದು ನನಗೆ ಗೊತ್ತಿದ್ದ ಕೆಲಸ. "ಅನುಪಾತ ನೋಡಿ. ಎಡಕ್ಕೆ ಇನ್ನೂರಕ್ಕೆ ಐನೂರು, ಬಲಕ್ಕೆ ಮುನ್ನೂರಕ್ಕೆ ನೂರೈವತ್ತು. ಸಮ ಇದೆಯಾ?"

"ಇಲ್ರಿ."

"ಹಾಗಾದ್ರೆ ನಡುವೆ ಕರೆಂಟ್ ಹರಿಯುತ್ತೆ. ತೆಗೆಯೋ ಹಾಗಿಲ್ಲ."

ಕಿರ್ಚಾಫ್ ನಿಯಮ ಹಿಡಿದು ಮೂರು ಸಮೀಕರಣ ಬರೆಯಬಹುದಿತ್ತು. ಆದರೆ ಮಕ್ಕಳು ಅದರ ನಡುವೆಯೇ ಕಳೆದುಹೋಗುತ್ತಾರೆ. ಮೇಲಿನ ಮೂರು ರೆಸಿಸ್ಟರ್ ಸೇರಿ ತ್ರಿಕೋನವಾಗುವುದನ್ನು ಬೆರಳಿನಿಂದ ತೋರಿಸಿದೆ. "ಇದು ಡೆಲ್ಟಾ. ಇದರ ಬದಲು ಮೂರು ಮೂಲೆಗಳಿಂದ ಒಂದೊಂದು ಕಾಲು ಹೊರಟು ನಡುವಿನ ಬಿಂದುವಿನಲ್ಲಿ ಸೇರೋ ಸ್ಟಾರ್ ಇಡೋಣ. ಹೊರಗಿನವರಿಗೆ ವ್ಯತ್ಯಾಸವೇ ಗೊತ್ತಾಗಬಾರದು, ಹಾಗೆ ಬೆಲೆ ಆರಿಸಬೇಕು." ಎರಡು ಬದಿಗಳ ಗುಣಲಬ್ಧವನ್ನು ಮೂರರ ಮೊತ್ತದಿಂದ, ಅಂದರೆ ಸಾವಿರದಿಂದ ಭಾಗಿಸುತ್ತ ಹೋದೆ. ಮೇಲಿನ ಮೂಲೆಗೆ ಅರವತ್ತು, ಎಡಕ್ಕೆ ನೂರೈವತ್ತು, ಬಲಕ್ಕೆ ನೂರು. ಅಲ್ಲಿಂದ ಮುಂದೆ ದಾರಿ ಸಲೀಸು. ಎಡಗಾಲು ಕೆಳಗಿನ ಐನೂರಿನೊಂದಿಗೆ ಸೀರೀಸ್, ಬಲಗಾಲು ನೂರೈವತ್ತರೊಂದಿಗೆ ಸೀರೀಸ್, ಅವೆರಡೂ ಪರಸ್ಪರ ಪ್ಯಾರಲಲ್. ಅದಕ್ಕೆ ಅರವತ್ತು ಕೂಡಿಸಿದರೆ ಸುಮಾರು ಇನ್ನೂರ ನಲವತ್ತೊಂದು ಓಮ್. ಉತ್ತರದ ಸುತ್ತ ಚೌಕ ಹಾಕಿದೆ.

ಹಿಂದಿನ ಸಾಲಿನಲ್ಲಿ ಯಾರೂ ತಲೆಯಾಡಿಸಲಿಲ್ಲ. "ಮೀಟರಲ್ಲೇ ನೋಡಿಬಿಡೋಣ" ಅಂದೆ. ಸುಮ್ಮನೆ ನಿಲ್ಲಲಾಗದವಳ ಮಾತು ಅದು. ಮೇಜಿನ ಮೇಲೆ ನಾಬ್ ತಿರುಗಿಸಿ ಬೇಕಾದ ಓಮ್ ಇಟ್ಟುಕೊಳ್ಳುವ ಡಿಕೇಡ್ ಬಾಕ್ಸ್‌ಗಳಿದ್ದವು. ಐದನ್ನು ತಂತಿಯಿಂದ ಜೋಡಿಸಿದೆ. ಬೀದರಿನ ಹುಡುಗಿ ಮಲ್ಟಿಮೀಟರಿನ ಮೊನೆಗಳನ್ನು ಮೇಲೆ ಕೆಳಗೆ ಹಿಡಿದು ಜೋರಾಗಿ ಓದಿದಳು.

"ಇನ್ನೂರ ಅರವತ್ತೊಂದ್ರಿ ಮೇಡಂ."

ಯಾರೋ ಕಿಸಕ್ಕೆಂದರು. ತಂತಿ ಸಡಿಲವಿರಬೇಕೆಂದು ಎಲ್ಲವನ್ನೂ ಒತ್ತಿ ನೋಡಿದೆ. ನಾಬ್‌ಗಳನ್ನು ನೋಡಿದೆ. ಮತ್ತೆ ಇನ್ನೂರ ಅರವತ್ತೊಂದೇ. ಹೀಗೇ ಹೊರಗೆ ನಡೆದುಬಿಟ್ಟರೆ ಮೆಟ್ರೊ ಹತ್ತಿ ಮನೆ ಸೇರಬಹುದು, ಯಾರೂ ಏನೂ ಕೇಳುವುದಿಲ್ಲ ಎಂದು ಮನಸ್ಸು ಹೇಳುತ್ತಿತ್ತು.

"ಮೀಟರ್ ಕೆಟ್ಟಿರಬಹುದಾ?" ಪ್ರಿನ್ಸಿಪಾಲರು ಕೇಳಿದರು. ನನಗೆ ದಾರಿ ಬಿಟ್ಟುಕೊಡಲು ಕೇಳಿದರೆಂದು ಅನ್ನಿಸಿತು.

"ಇಲ್ಲ ಸಾರ್, ನಾನೇ ಎಲ್ಲೋ ತಪ್ಪಿದ್ದೀನಿ. ಹುಡುಕೋಣ." ಹೇಳಿದ ಮೇಲೆ ಹುಡುಕಲೇಬೇಕಾಯಿತು. "ಹೊರಗಿನವರಿಗೆ ವ್ಯತ್ಯಾಸ ಗೊತ್ತಾಗಬಾರದು ಅಂದೆನಲ್ಲ, ಅದನ್ನೇ ಪರೀಕ್ಷೆ ಮಾಡೋಣ. ಡೆಲ್ಟಾದಲ್ಲಿ ಮೇಲಿನ ಮೂಲೆಗೂ ಎಡ ಮೂಲೆಗೂ ನಡುವೆ ಎಷ್ಟು? ನೀವೇ ಲೆಕ್ಕ ಹಾಕಿ."

ಇನ್ನೂರು ಒಂದು ದಾರಿ, ಮುನ್ನೂರು ಮತ್ತು ಐನೂರು ಸೇರಿ ಎಂಟುನೂರು ಇನ್ನೊಂದು ದಾರಿ. ಎರಡೂ ಪ್ಯಾರಲಲ್. "ನೂರ ಅರವತ್ತು" ಎಂದು ಮೂರ್ನಾಲ್ಕು ದನಿ ಬಂದವು.

"ನನ್ನ ಸ್ಟಾರ್‌ನಲ್ಲಿ?"

"ಅರವತ್ತು, ನೂರೈವತ್ತು... ಇನ್ನೂರ ಹತ್ತು ರಿ!" ಹುಡುಗಿ ಎದ್ದೇ ನಿಂತಳು. "ಮೇಡಂ, ಎಡಗಾಲು ಬಲಗಾಲು ಅದಲು ಬದಲು ಆಗ್ಯಾವ್ರಿ!"

ಹೌದು. ಒಂದು ಮೂಲೆಯ ಕಾಲಿಗೆ ಆ ಮೂಲೆಯನ್ನು ಮುಟ್ಟುವ ಎರಡು ಬದಿಗಳನ್ನೇ ಗುಣಿಸಬೇಕು. ಎಡ ಮೂಲೆಯನ್ನು ಮುಟ್ಟುವುದು ಇನ್ನೂರು ಮತ್ತು ಐನೂರು. ಗಾಬರಿಯಲ್ಲಿ ನಾನು ಮುನ್ನೂರನ್ನು ಹಿಡಿದಿದ್ದೆ. ಎಡಕ್ಕೆ ನೂರು, ಬಲಕ್ಕೆ ನೂರೈವತ್ತು ಎಂದು ತಿದ್ದಿದೆ. ಎಡ ದಾರಿ ಆರುನೂರು, ಬಲ ದಾರಿ ಮುನ್ನೂರು, ಪ್ಯಾರಲಲ್‌ನಲ್ಲಿ ಇನ್ನೂರು. ಅರವತ್ತು ಸೇರಿಸಿದರೆ ಇನ್ನೂರ ಅರವತ್ತು. ಉಳಿದ ಒಂದು ಓಮ್ ತಂತಿಗಳದು. ಕ್ಲಾಸಿನಲ್ಲಿ ಚಪ್ಪಾಳೆ ಬಿತ್ತು. ನನಗಲ್ಲ, ಆ ಹುಡುಗಿಗೆ. ನಾನೂ ತಟ್ಟಿದೆ.

ಮುಖ್ಯಸ್ಥರು ಬಿಡಲಿಲ್ಲ. "ನಡುವಿನ ಐನೂರು ನಿಮ್ಮ ಹೊಸ ಚಿತ್ರದಲ್ಲಿ ಮಾಯವಾಗಿದೆ. ಅದರ ಕರೆಂಟ್ ಬೇಕು ಅಂದ್ರೆ?"

"ರೆಸಿಸ್ಟರ್ ಹೋಗಿದೆ ಸಾರ್, ಮೂಲೆಗಳು ಇದಾವೆ." ಸಪ್ಲೈ ಏಳು ಪಾಯಿಂಟ್ ಎಂಟು ವೋಲ್ಟ್ ಎಂದಿಟ್ಟುಕೊಂಡೆ. ಒಟ್ಟು ಮೂವತ್ತು ಮಿಲಿ ಆಂಪ್, ಎಡಕ್ಕೆ ಹತ್ತು, ಬಲಕ್ಕೆ ಇಪ್ಪತ್ತು. ಕೆಳಗಿನಿಂದ ಅಳೆದರೆ ಎಡ ಮೂಲೆ ಐದು ವೋಲ್ಟ್, ಬಲ ಮೂಲೆ ಮೂರು. ಹಳೆಯ ಚಿತ್ರಕ್ಕೆ ಮರಳಿದರೆ ಐನೂರು ಓಮಿನ ಎರಡು ತುದಿಗೆ ಎರಡು ವೋಲ್ಟ್ ವ್ಯತ್ಯಾಸ. ನಾಲ್ಕು ಮಿಲಿ ಆಂಪ್, ಎಡದಿಂದ ಬಲಕ್ಕೆ.

"ಸರಿ" ಅಂದರು. ಅಷ್ಟೇ.

ಆ ವಾರವೆಲ್ಲ ಫೋನನ್ನು ಕೈಯಿಂದ ಇಳಿಸಲಿಲ್ಲ. ಸುಂಕದಕಟ್ಟೆಯ ಅಕ್ಕನ ಮನೆಗೆ ಹೋದರೂ ಅವಳ ಮಾತು ಕಿವಿಗೆ ಬೀಳಲಿಲ್ಲ. ಕೊನೆಗೆ ಮುಖ್ಯಸ್ಥರೇ ಕರೆ ಮಾಡಿದರು. "ಸೋಮವಾರದಿಂದ ಬನ್ನಿ ಮೇಡಂ. ಡೆಮೊ ಕೊಟ್ಟ ಇನ್ನೊಬ್ಬರು ಲೆಕ್ಕ ತಪ್ಪಿಲ್ಲದೆ ಮಾಡಿದ್ರು. ಆದ್ರೆ ನಿಮ್ಮ ತಪ್ಪಿನಿಂದ ಮಕ್ಕಳು ಎರಡು ದಿನ ಅದೇ ಲೆಕ್ಕ ಮಾತಾಡಿಕೊಂಡ್ರು."

ಹೊಗಳಿಕೆಯೋ ಬೈಗುಳವೋ ತಿಳಿಯದೆ "ಥ್ಯಾಂಕ್ಸ್ ಸಾರ್" ಅಂದೆ. ಫೋನಿಟ್ಟ ಮೇಲೂ ಕೂರಲಾಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಎಲ್ಲಿಗೆಂದು ಯೋಚಿಸದೆ, ಬೀದಿಗಿಳಿದು ನಡೆಯತೊಡಗಿದೆ.