ಆರಿದ ಮೇಲೆ ಬೆಲ್ಲ

ಹೆಂಡತಿ ತೀರಿಕೊಂಡು ವರ್ಷ ತುಂಬಿದ ದಿನ, ಎಡೆಗೆ ಅವಳದೇ ಬೆಲ್ಲದ ಪಾಯಸವನ್ನು ಇಡಬೇಕೆಂದು ನಿಶ್ಚಯಿಸಿದ್ದೆ. ಕೂಡ್ಲಿಗಿಯ ಬಾಡಿಗೆ ಮನೆಯಲ್ಲಿ ಆಗ ನಾನೊಬ್ಬನೇ. ಅನ್ನ, ಸಾರು ಮಾಡಿಕೊಳ್ಳಲು ಕಲಿತಿದ್ದೆ. ಪಾಯಸಕ್ಕೆ ಕೈ ಹಾಕಿದ್ದು ಅಂದೇ ಮೊದಲು.

ದಪ್ಪ ತಳದ ಪಾತ್ರೆಯಲ್ಲಿ ಹಾಲನ್ನು ಸಣ್ಣ ಉರಿಯ ಮೇಲಿಟ್ಟು, ಅಂಚಿಗೆ ಕಟ್ಟಿದ ಕೆನೆಯನ್ನು ಸೌಟಿನಿಂದ ಕೆರೆದು ಒಳಗೆ ತಳ್ಳುತ್ತ ಕುಳಿತೆ. ಹಾಲು ಅರ್ಧಕ್ಕೆ ಇಳಿಯಿತು. ಮೆತ್ತಗೆ ಬೆಂದ ಅನ್ನವನ್ನು ಸೇರಿಸಿ ಇನ್ನಷ್ಟು ಕುದಿಸಿದೆ. ‘ಆರಿದ ಮ್ಯಾಲ ಬೆಲ್ಲ’ ಎಂದು ಅವಳು ಪ್ರತಿ ಸಲವೂ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಪಡಸಾಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ನನಗೂ ಕೇಳಿಸುತ್ತಿತ್ತು. ಆದ್ದರಿಂದ ಒಲೆಯನ್ನು ಆರಿಸಿದೆ, ಕುಟ್ಟಿದ ಬೆಲ್ಲವನ್ನು ಸುರಿದೆ. ನೋಡುತ್ತಿದ್ದಂತೆಯೇ ಹಾಲು ಒಡೆದು, ಗರಣೆ ಬೇರೆ, ನೀರು ಬೇರೆಯಾಯಿತು.

ಒಡೆದ ಹಾಲನ್ನು ಎಡೆಗೆ ಇಡುವಂತಿಲ್ಲ. ಅಷ್ಟರಲ್ಲಿ ಕೊಟ್ಟೂರಿನಿಂದ ಬೆಳಗಿನ ಬಸ್ಸಿಗೆ ಅವಳ ತಂಗಿ ಬಂದಳು. ಪಾತ್ರೆಗೆ ಬಗ್ಗಿ ನೋಡಿದಳು.

“ಏನ್ ಭಾವಾ, ಎಡಿಗೆ ಪನೀರ್ ಇಡ್ತೀರೇನು?”

“ನಿಮ್ಮಕ್ಕ ಹೇಳುತ್ತಿದ್ದಂತೆಯೇ ಮಾಡಿದೆ. ಆರಿದ ಮೇಲೆಯೇ ಹಾಕಿದ್ದು.”

“ಏನ್ ಆರಿತ್ತು?”

“ಒಲೆ.”

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಕಣ್ಣು ಮಾತ್ರ ತುಂಬಿಬಂತು. “ಒಲಿ ಅಲ್ರೀ, ಹಾಲು ಆರಬೇಕು! ಬೆಲ್ಲದಾಗ ಹುಳಿ ಇರ್ತೈತಿ. ಕುದಿಯೋ ಹಾಲಿಗೆ ಬಿದ್ರ ಒಡೆಯದ ಬಿಡ್ತೈತೇನು? ನಾನೂ ಹಿಂಗ ಒಡಸಿ ಅಕ್ಕನ ಕೈಲಿ ಬೈಸ್ಕೊಂಡೀನಿ.”

ನನ್ನವಳ ವಾಕ್ಯದಲ್ಲಿ ಕರ್ತೃಪದವೇ ಇರಲಿಲ್ಲ. ಒಲೆಯೂ ಆರುತ್ತದೆ, ಹಾಲೂ ಆರುತ್ತದೆ. ಶಾಲೆಯ ಮಕ್ಕಳು ಕರ್ತೃವನ್ನು ಬಿಟ್ಟು ಬರೆದರೆ ಕೆಂಪು ಗೆರೆ ಎಳೆಯುತ್ತಿದ್ದವನು, ಅವಳನ್ನು ‘ಏನು ಆರಿದ ಮೇಲೆ?’ ಎಂದು ಒಮ್ಮೆಯೂ ಕೇಳಿರಲಿಲ್ಲ.

ಅವಳ ತಂಗಿ ತನ್ನ ಮನೆಯ ಎಮ್ಮೆಯ ಹಾಲನ್ನು ಕಾಸಿ ಕ್ಯಾನಿನಲ್ಲಿ ತಂದಿದ್ದಳು. ಅದನ್ನೇ ಮತ್ತೆ ಕುದಿಸಿ ಅರ್ಧಕ್ಕೆ ಇಳಿಸಿ, ಅನ್ನ ಸೇರಿಸಿದೆವು. ಬೆಲ್ಲವನ್ನು ತುಸು ನೀರಿನಲ್ಲಿ ಬೇರೆಯಾಗಿ ಕರಗಿಸಿ, ಮರಳು ನಿಲ್ಲುವಂತೆ ಬಟ್ಟೆಯಲ್ಲಿ ಸೋಸಿ, ತಣ್ಣಗಾಗಲು ಬದಿಗಿಟ್ಟೆವು. ಪಾಯಸದ ಪಾತ್ರೆಯನ್ನೂ ಕೆಳಗಿಳಿಸಿ, ಇಬ್ಬರೂ ಅದರ ಎದುರು ಕುಳಿತೆವು. ಆಗಾಗ ಪಾತ್ರೆಯ ಮೈಯನ್ನು ಮುಟ್ಟಿ “ಇನ್ನೂ ಬಿಸಿ ಐತಿ” ಎನ್ನುತ್ತಿದ್ದಳು. ಉಗುರುಬೆಚ್ಚಗಾದ ಮೇಲೆ ಪಾಕವನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಿದಳು. ಈ ಸಲ ಒಡೆಯಲಿಲ್ಲ. ಬಣ್ಣ ಮಾತ್ರ ನಸುಗೆಂಪಾಯಿತು.

ಎಡೆ ಇಟ್ಟೆವು, ಉಂಡೆವು. ಮಕ್ಕಳು ಶಾಲೆಯಿಂದ ಬರುವ ಹೊತ್ತಾಯಿತೆಂದು ಅವಳು ಹೊರಟಳು. ಚಪ್ಪಲಿ ಮೆಟ್ಟುತ್ತ, “ಉಳಿದದ್ದನ್ನ ಮತ್ತ ಕುದಿಸಬ್ಯಾಡ್ರಿ, ಒಡದೀತು” ಎಂದಳು.

ಸಂಜೆ ಪಾತ್ರೆಯನ್ನು ತೆರೆದೆ. ಪಾಯಸ ಗಟ್ಟಿಯಾಗಿ, ಮೇಲೆ ಕೆನೆ ಕಟ್ಟಿತ್ತು. ಒಬ್ಬನಿಗೆ ಹೆಚ್ಚೇ ಇತ್ತು. ಬಿಸಿ ಮಾಡದೆ, ನಿಂತುಕೊಂಡೇ ತಿಂದೆ.